ಚಿತ್ತಿ ಮಳೆ ದಸರಾಕ್ಕೆ, ಚೈತ್ರ ಮಾಸ ಯುಗಾದಿಗೆ: ಹೆಸರು ಒಂದೇ, ತಿಂಗಳು ಬೇರೆ ಯಾಕೆ?

ಪ್ರಶ್ನೆ: ನಮ್ಮದು ಕುಷ್ಟಗಿ ತಾಲೂಕು, ಒಕ್ಕಲುತನದ ಮನೆ. ಚೈತ್ರ ಅನ್ನೋ ಹೆಸರು ಚಿತ್ತಾ ನಕ್ಷತ್ರದಿಂದ ಬಂತು ಅಂತ ಮಗಳು ಶಾಲೆಯಲ್ಲಿ ಕಲಿತು ಬಂದಳು. ನಮ್ಮಪ್ಪ ನಕ್ಕುಬಿಟ್ಟರು. "ಚಿತ್ತಿ ಮಳೆ ಬರೋದು ದಸರಾ ಮುಂದೆ, ಚೈತ್ರ ಬರೋದು ಯುಗಾದಿಗೆ, ಅದೆಂಗ ಒಂದಾಗ್ತದ?" ಅಂತಾರೆ. ಇಬ್ಬರಲ್ಲಿ ಯಾರು ಸರಿ? ಹನ್ನೆರಡೂ ತಿಂಗಳ ಹೆಸರು ಎಲ್ಲಿಂದ ಬಂದವು?

ಉತ್ತರ: ಇಬ್ಬರೂ ಸರಿ. ನಿಮ್ಮಪ್ಪ ಹೇಳುತ್ತಿರುವುದು ಸೂರ್ಯನ ಲೆಕ್ಕ, ಮಗಳು ಕಲಿತದ್ದು ಚಂದ್ರನ ಲೆಕ್ಕ. ಎರಡಕ್ಕೂ ನಕ್ಷತ್ರಗಳು ಅವೇ 27. ಅದಕ್ಕೇ ಗೊಂದಲ. ನಿಮ್ಮಪ್ಪ ಹಿಡಿದಿರುವ ಆರು ತಿಂಗಳ ವ್ಯತ್ಯಾಸ ಇದೆಯಲ್ಲ, ಅದು ಆಕಸ್ಮಿಕ ಅಲ್ಲ. ತಿಂಗಳ ಹೆಸರು ಹುಟ್ಟಿದ ರೀತಿಯೇ ಅದರಲ್ಲಿ ಅಡಗಿದೆ.

ಮೊದಲು ಮಳೆ ನೋಡೋಣ. ಆಕಾಶದಲ್ಲಿ ಸೂರ್ಯ ವರ್ಷಕ್ಕೊಮ್ಮೆ ಒಂದು ಸುತ್ತು ಬರುವಂತೆ ಕಾಣುತ್ತಾನೆ. ಆ ದಾರಿಯನ್ನು 27 ಸಮ ಪಾಲು ಮಾಡಿ, ಒಂದೊಂದಕ್ಕೂ ಒಂದು ನಕ್ಷತ್ರದ ಹೆಸರಿಟ್ಟರು. ಒಂದು ಪಾಲು ದಾಟಲು ಸೂರ್ಯನಿಗೆ ಹದಿಮೂರು ಹದಿನಾಲ್ಕು ದಿನ ಬೇಕು. ಸೂರ್ಯ ಯಾವ ನಕ್ಷತ್ರದಲ್ಲಿ ಇದ್ದಾನೋ ಆಗ ಬೀಳುವುದು ಆ ಹೆಸರಿನ ಮಳೆ. ಮೇ 25ರ ಸುಮಾರಿಗೆ ರೋಹಿಣಿ ಹೂಡುತ್ತದೆ, ಜೂನ್ 8ರ ಸುಮಾರಿಗೆ ಮೃಗಶಿರ. ಬಿಳಿಜೋಳಕ್ಕೆ ಕೂರಿಗೆ ಹೂಡುವ ಉತ್ತರಿ, ಹಸ್ತಿ ಮಳೆ ಸೆಪ್ಟೆಂಬರ್ ಮಧ್ಯದಿಂದ ಅಕ್ಟೋಬರ್ 10ರ ತನಕ. ಅದರ ಬೆನ್ನಿಗೇ ಚಿತ್ತಿ, ಅಕ್ಟೋಬರ್ 23-24ರವರೆಗೆ. ಇದು ಸೂರ್ಯನ ಲೆಕ್ಕವಾದ್ದರಿಂದ ಇಂಗ್ಲಿಷ್ ತಾರೀಖಿಗೆ ಹೊಂದಿಕೊಂಡೇ ಇರುತ್ತದೆ. ಪ್ರತಿ ವರ್ಷ ಒಂದು ದಿನ ಆಚೀಚೆ, ಅಷ್ಟೇ. ಮಳೆ ಬರುತ್ತೋ ಬಿಡುತ್ತೋ, ಚಿತ್ತಿ ಮಾತ್ರ ತನ್ನ ತಾರೀಖಿಗೆ ಹೂಡುತ್ತದೆ.

ಆದರೆ ಸೂರ್ಯ ಚಿತ್ತಾದಲ್ಲಿ ಇದ್ದಾಗ ಆ ನಕ್ಷತ್ರ ಕಣ್ಣಿಗೆ ಕಾಣುವುದಿಲ್ಲ. ಅದು ಸೂರ್ಯನ ಜೊತೆಗೇ ಹುಟ್ಟಿ, ಜೊತೆಗೇ ಮುಳುಗುತ್ತದೆ. ಅಂದರೆ ಮಳೆ ನಕ್ಷತ್ರ ಲೆಕ್ಕದಿಂದ ತಿಳಿಯುವಂಥದ್ದು. ತಿಂಗಳಿಗೆ ಹೆಸರಿಟ್ಟವರು ಕಣ್ಣಿಗೆ ಕಾಣುವುದನ್ನು ಹಿಡಿದರು. ರಾತ್ರಿಯಿಡೀ ಆಕಾಶದಲ್ಲಿ ಇರುವವನು ಹುಣ್ಣಿಮೆ ಚಂದ್ರ. ಅವನು ಯಾವ ನಕ್ಷತ್ರದ ಪಕ್ಕ ಇದ್ದಾನೋ ಆ ತಿಂಗಳಿಗೆ ಆ ನಕ್ಷತ್ರದ ಹೆಸರು. ಯುಗಾದಿ ಆಗಿ ಹದಿನೈದು ದಿನಕ್ಕೆ ಬರುವ ದವನದ ಹುಣ್ಣಿಮೆ, ಅಂದರೆ ಹಂಪಿಯಲ್ಲಿ ವಿರೂಪಾಕ್ಷನ ತೇರು ಎಳೆಯುವ ಹೊತ್ತು, ಚಂದ್ರ ಚಿತ್ತಾ ನಕ್ಷತ್ರದ ಆಸುಪಾಸಿನಲ್ಲಿ ಇರುತ್ತಾನೆ. ಅಲ್ಲಿ ಒಂಟಿಯಾಗಿ ಬೆಳ್ಳಗೆ ಹೊಳೆಯುವ ಚುಕ್ಕಿ ಒಂದಿದೆ, ಅದೇ ಚಿತ್ತಾ. ಅದಕ್ಕೇ ಆ ತಿಂಗಳು ಚೈತ್ರ.

ಈಗ ಆರು ತಿಂಗಳ ಗಂಟು ಬಿಚ್ಚಬಹುದು. ಹುಣ್ಣಿಮೆ ಅಂದರೇನು? ಸೂರ್ಯ ಒಂದು ಕಡೆ, ಚಂದ್ರ ಅದಕ್ಕೆ ಸರಿಯಾಗಿ ಎದುರು ಕಡೆ. 2024ರ ಅಕ್ಟೋಬರ್ 17, ಸೀಗಿ ಹುಣ್ಣಿಮೆಯನ್ನೇ ತೆಗೆದುಕೊಳ್ಳಿ. ಆವತ್ತು ಹೊಲಕ್ಕೆ ಹೋಗಿ ಚರಗ ಚೆಲ್ಲಿ ಸಂಜೆ ಬದುವಿನ ಮೇಲೆ ನಿಂತವರ ಬಲಗಡೆ ಪಡುವಣದಲ್ಲಿ ಸೂರ್ಯ ಇಳಿಯುತ್ತಿದ್ದ, ಎಡಗಡೆ ಮೂಡಣದಲ್ಲಿ ದೊಡ್ಡ ಚಂದ್ರ ಏಳುತ್ತಿದ್ದ (ಮುಖ ದಕ್ಷಿಣಕ್ಕೆ ಮಾಡಿ ನಿಂತಿದ್ದಾರೆ ಅಂದುಕೊಳ್ಳಿ). ಇಳಿಯುವ ಸೂರ್ಯ ಇದ್ದದ್ದು ಚಿತ್ತಾದಲ್ಲಿ, ಹಾಗಾಗಿ ಆಗ ನಡೆಯುತ್ತಿದ್ದದ್ದು ಚಿತ್ತಿ ಮಳೆ. ಏಳುವ ಚಂದ್ರ ಆಗಷ್ಟೇ ಅಶ್ವಿನಿಗೆ ಕಾಲಿಟ್ಟಿದ್ದ, ಹಾಗಾಗಿ ತಿಂಗಳು ಆಶ್ವೀಜ. ಒಂದೇ ಸಂಜೆ, ಒಂದೇ ಆಕಾಶ. ಮಳೆಗೆ ಪಡುವಣದ ಹೆಸರು, ತಿಂಗಳಿಗೆ ಮೂಡಣದ ಹೆಸರು.

ಇನ್ನೊಂದು ತುದಿಯಿಂದ ನೋಡಿ. 2022ರ ಏಪ್ರಿಲ್ 16, ಚೈತ್ರದ ಹುಣ್ಣಿಮೆ. ಆ ರಾತ್ರಿ ಚಂದ್ರ ಚಿತ್ತಾದಲ್ಲಿ, ಸೂರ್ಯ ಅಶ್ವಿನಿಯಲ್ಲಿ. ಪಂಚಾಂಗದ ಪ್ರಕಾರ ಅಶ್ವಿನಿ ಮಳೆ ಹೂಡಿ ಎರಡು ಮೂರು ದಿನ ಆಗಿತ್ತು. ಅಂದರೆ ಚೈತ್ರದಲ್ಲಿ ಅಶ್ವಿನಿ ಮಳೆ, ಆಶ್ವೀಜದಲ್ಲಿ ಚಿತ್ತಿ ಮಳೆ. ಇಬ್ಬರೂ ಜಾಗ ಅದಲು ಬದಲು ಮಾಡಿಕೊಂಡಿದ್ದಾರೆ.

ಇದು ಈ ಎರಡು ತಿಂಗಳಿಗೆ ಮಾತ್ರ ಅಲ್ಲ. ಕಾರ ಹುಣ್ಣಿಮೆಗೆ ಎತ್ತು ಮೆರೆಸುವಾಗ ಯಾವ ಮಳೆ ನಡೆದಿರುತ್ತದೆ ಅಂತ ನಿಮ್ಮಪ್ಪನ್ನ ಕೇಳಿ. ಸಾಮಾನ್ಯವಾಗಿ ಮೃಗಶಿರ ಅಥವಾ ಅದರ ಹಿಂದು ಮುಂದಿನದು. ತಿಂಗಳು ಜ್ಯೇಷ್ಠ. ಅದಕ್ಕೆ ಎದುರಿನ ತಿಂಗಳು ಮಾರ್ಗಶಿರ, ಹೊಸ್ತಿಲ ಹುಣ್ಣಿಮೆಯದು. ಆಗ ಸೂರ್ಯ ಜ್ಯೇಷ್ಠಾದ ಆಸುಪಾಸಿನಲ್ಲಿ ಇರುತ್ತಾನೆ. ನಮ್ಮ ಕಡೆ ಡಿಸೆಂಬರ್‌ನಲ್ಲಿ ಮಳೆ ಲೆಕ್ಕ ಯಾರೂ ಇಡುವುದಿಲ್ಲ, ಅದಕ್ಕೇ ಜ್ಯೇಷ್ಠಾ ಮಳೆ ಅನ್ನುವ ಮಾತು ಕಿವಿಗೆ ಬೀಳುವುದಿಲ್ಲ. ಹಾಗೇ ನೂಲ ಹುಣ್ಣಿಮೆ ಆಸುಪಾಸು ಮಘಿ ಮಳೆ. ತಿಂಗಳು ಶ್ರಾವಣ, ಎದುರಿನದು ಮಾಘ. ಕಡ್ಲಿಗಡಬಿನ ಹುಣ್ಣಿಮೆ ಆಷಾಢದ್ದು, ಅದರ ಹಿಂದೆ ಮುಂದೆಯೇ ಪುಷ್ಯ ಮಳೆ. ಅನಂತನ ಹುಣ್ಣಿಮೆ ಭಾದ್ರಪದದ್ದು, ಆಗ ಹುಬ್ಬಿ, ಉತ್ತರಿ. ಇವೆರಡೂ ಫಲ್ಗುಣಿಗಳೇ, ಪೂರ್ವ ಫಲ್ಗುಣಿ ಮತ್ತು ಉತ್ತರ ಫಲ್ಗುಣಿ. ಎದುರಿಗೆ ಹೋಳಿ ಹುಣ್ಣಿಮೆಯ ಫಾಲ್ಗುಣ. ಗೌರಿ ಹುಣ್ಣಿಮೆಯ ಕಾರ್ತೀಕಕ್ಕೆ ವಿಶಾಖ ಮಳೆ, ಆಗಿ ಹುಣ್ಣಿಮೆಯ ವೈಶಾಖಕ್ಕೆ ಕೃತ್ತಿಕಾ ಮಳೆ. ಹನ್ನೆರಡು ತಿಂಗಳು ಆರು ಜೋಡಿ. ಮಳೆ ಹೆಸರು ಗೊತ್ತಿದ್ದವರಿಗೆ ಆರು ತಿಂಗಳಾಚೆಯ ಮಾಸದ ಹೆಸರು ತಾನಾಗೇ ಗೊತ್ತು.

ಇನ್ನು ಹೆಸರು ರೂಪ ಬದಲಿಸಿದ್ದು ಹೇಗೆ? ಚಿತ್ತಾ (ಸಂಸ್ಕೃತದಲ್ಲಿ ಚಿತ್ರಾ) ಯಾಕೆ ಚೈತ್ರ ಆಯಿತು? ಪಾಣಿನಿಯ ವ್ಯಾಕರಣದಲ್ಲಿ ಇದಕ್ಕೇ ಅಂತ ಒಂದು ಸೂತ್ರ ಇದೆ: "ಸಾಸ್ಮಿನ್ ಪೌರ್ಣಮಾಸೀತಿ". ಆ ಹುಣ್ಣಿಮೆ ಇದರಲ್ಲಿ ಇದೆ, ಆದ್ದರಿಂದ ಈ ಹೆಸರು ಅಂತ ಅರ್ಥ. ಚಿತ್ರಾ ನಕ್ಷತ್ರದ ಜೊತೆ ಕೂಡಿದ ಹುಣ್ಣಿಮೆ ಚೈತ್ರೀ, ಆ ಹುಣ್ಣಿಮೆ ಇರುವ ತಿಂಗಳು ಚೈತ್ರ. ಹೀಗೆ ಒಂದರಿಂದ ಇನ್ನೊಂದಕ್ಕೆ ಹೆಸರು ಹುಟ್ಟುವಾಗ ಮೊದಲ ಸ್ವರ ಹಿಗ್ಗುತ್ತದೆ. ಈ ಪದ್ಧತಿ ನಮಗೆ ಹೊಸದೇನಲ್ಲ, ಬಾಯಲ್ಲಿ ದಿನಾ ಇದೆ. ವಿಷ್ಣುವಿನಿಂದ ವೈಷ್ಣವ ಆದ ಹಾಗೆ ವಿಶಾಖದಿಂದ ವೈಶಾಖ. ವಸುದೇವನ ಮಗ ವಾಸುದೇವ ಆದ ಹಾಗೆ ಮಘಾದಿಂದ ಮಾಘ, ಶ್ರವಣದಿಂದ ಶ್ರಾವಣ, ಫಲ್ಗುಣಿಯಿಂದ ಫಾಲ್ಗುಣ, ಭದ್ರಪದದಿಂದ ಭಾದ್ರಪದ. ಪೃಥೆಯ ಮಗ ಪಾರ್ಥ; ಹಾಗೇ ಕೃತ್ತಿಕೆಯಿಂದ ಕಾರ್ತಿಕ, ಮೃಗಶಿರದಿಂದ ಮಾರ್ಗಶಿರ.

ಮಾರ್ಗಶಿರದ ಬಗ್ಗೆ ಒಂದು ಮಾತು ಹೇಳಲೇಬೇಕು. ಅದನ್ನು "ಮಾರ್ಗ" ಮತ್ತು "ಶಿರ" ಅಂತ ಒಡೆದು, ದಾರಿಗಳಲ್ಲೆಲ್ಲಾ ತಲೆಯಂಥದ್ದು ಅಂತ ವಿವರಿಸುವವರು ಜಾಸ್ತಿ. ಕೇಳಲು ಚೆನ್ನಾಗಿದೆ, ಆದರೆ ದಾರಿಗೂ ಅದಕ್ಕೂ ಸಂಬಂಧ ಇಲ್ಲ. ಮೃಗಶಿರ ಅಂದರೆ ಜಿಂಕೆಯ ತಲೆ, ಋಕಾರ ಹಿಗ್ಗಿ "ಆರ್" ಆಯಿತು, ಅಷ್ಟೇ. ಶ್ರಾವಣದಲ್ಲಿ ಪುರಾಣ ಶ್ರವಣ ಮಾಡುತ್ತೇವೆ, ಅದಕ್ಕೇ ಆ ಹೆಸರು ಅನ್ನುವುದೂ ಇದೇ ಜಾತಿಯದು. ಮಠಗಳಲ್ಲಿ ತಿಂಗಳಿಡೀ ಪುರಾಣ ನಡೆಯುವುದು ನಿಜ. ಆದರೆ ತಿಂಗಳಿಗೆ ಹೆಸರು ಬಂದದ್ದು ಶ್ರವಣ ಅನ್ನುವ ನಕ್ಷತ್ರದಿಂದ. ಪುರಾಣ ಹೇಳಿಸುವವರು ಈ ಹೊಂದಾಣಿಕೆಯನ್ನು ಚೆನ್ನಾಗಿ ಬಳಸಿಕೊಂಡರು, ಅದರಲ್ಲಿ ತಪ್ಪೇನೂ ಇಲ್ಲ.

ಎರಡು ತಿಂಗಳು ಕನ್ನಡದಲ್ಲಿ ನಿಯಮ ತಪ್ಪಿಸಿಕೊಂಡಿವೆ. ಕುರುವಿನಿಂದ ಕೌರವ ಆದ ಹಾಗೆ ಪುಷ್ಯದಿಂದ ಪೌಷ ಆಗಬೇಕು. ಉತ್ತರದ ಕಡೆ ಹಾಗೇ ಅನ್ನುತ್ತಾರೆ. ನಾವು ನಕ್ಷತ್ರದ ಹೆಸರನ್ನೇ ಇಟ್ಟುಕೊಂಡು ಪುಷ್ಯ ಮಾಸ ಅನ್ನುತ್ತೇವೆ. ಜ್ಯೇಷ್ಠಾದಿಂದ ಜ್ಯೈಷ್ಠ ಆಗಬೇಕಿತ್ತು, ಅದೂ ನಮ್ಮಲ್ಲಿ ಜ್ಯೇಷ್ಠ ಅಂತಲೇ ಉಳಿಯಿತು. ಆಶ್ವೀಜದ ಕತೆ ಬೇರೆ. ಅಶ್ವಿನಿ ನಕ್ಷತ್ರಕ್ಕೆ ಅಶ್ವಯುಜ ಅಂತ ಇನ್ನೊಂದು ಹಳೆಯ ಹೆಸರಿತ್ತು, ಕುದುರೆ ಹೂಡುವುದು ಅಂತ ಅರ್ಥ. ಅಶ್ವಿನಿಯಿಂದ ಆಶ್ವಿನ, ಅಶ್ವಯುಜದಿಂದ ಆಶ್ವಯುಜ. ಪಂಚಾಂಗದ ಆಶ್ವಯುಜ ಜನರ ಬಾಯಲ್ಲಿ ಸವೆದು ಆಶ್ವೀಜ ಆಗಿದೆ. ಮೂರೂ ಒಂದೇ ತಿಂಗಳು.

ಇಷ್ಟು ಕೇಳಿದ ಮೇಲೆ ಚುರುಕಾದ ಹುಡುಗಿ ಇನ್ನೊಂದು ಪ್ರಶ್ನೆ ಕೇಳಬಹುದು. ನಕ್ಷತ್ರ 27, ತಿಂಗಳು 12. ಉಳಿದವು ಏನು ಪಾಪ ಮಾಡಿದ್ದವು? ರೋಹಿಣಿಯಂಥ ಹೆಸರುವಾಸಿ ನಕ್ಷತ್ರಕ್ಕೆ ಒಂದು ತಿಂಗಳು ಯಾಕಿಲ್ಲ? ಕಾರಣ ದೂರ. ಒಂದು ಹುಣ್ಣಿಮೆಯಿಂದ ಮುಂದಿನ ಹುಣ್ಣಿಮೆಗೆ ಚಂದ್ರ ಎರಡು ನಕ್ಷತ್ರಕ್ಕಿಂತ ಸ್ವಲ್ಪ ಜಾಸ್ತಿ ಮುಂದೆ ಸರಿದಿರುತ್ತಾನೆ. ಹಾಗಾಗಿ ಸುಮಾರು ಎರಡಕ್ಕೊಂದು ಹೆಸರು ಆರಿಸಬೇಕು. ಕೃತ್ತಿಕೆ ಕಾರ್ತೀಕಕ್ಕೆ ಹೋಯಿತು, ಅದರ ಪಕ್ಕದ ರೋಹಿಣಿ ಬಿಟ್ಟುಹೋಯಿತು, ಮುಂದಿನ ಮೃಗಶಿರ ಮಾರ್ಗಶಿರಕ್ಕೆ ಬಂತು. ಸ್ವಾತಿಗೂ ಇದೇ ಗತಿ, ಚಿತ್ತಾ ಮತ್ತು ವಿಶಾಖದ ನಡುವೆ ಸಿಕ್ಕಿಕೊಂಡಿದೆ. ಸೂರ್ಯಸಿದ್ಧಾಂತ ಅನ್ನುವ ಹಳೆಯ ಖಗೋಳ ಗ್ರಂಥ ಈ ಹಂಚಿಕೆಯನ್ನು ಬಿಡಿಸಿ ಹೇಳಿದೆ. ಒಂಬತ್ತು ತಿಂಗಳಿಗೆ ಎರಡೆರಡು ನಕ್ಷತ್ರ. ಫಾಲ್ಗುಣ, ಭಾದ್ರಪದ, ಆಶ್ವೀಜಕ್ಕೆ ಮೂರು ಮೂರು. ಒಟ್ಟು 27. ಅದರ ಪ್ರಕಾರ ಕಾರ್ತೀಕದ ಹುಣ್ಣಿಮೆ ರೋಹಿಣಿಯಲ್ಲಿ ಬಿದ್ದರೂ ತಿಂಗಳು ಕಾರ್ತೀಕವೇ.

ಹಾಗಾದರೆ ಹುಣ್ಣಿಮೆಯ ದಿನ ಪಂಚಾಂಗ ತೆಗೆದು ನೋಡಿದರೆ ನಕ್ಷತ್ರ ತಪ್ಪದೆ ಸರಿಹೋಗುತ್ತದಾ? ಇಲ್ಲ. ಇಲ್ಲೇ ಜಾಸ್ತಿ ಜನ ಎಡವುತ್ತಾರೆ. ಕೊಪ್ಪಳದ ಗವಿಮಠದ ಜಾತ್ರೆಯನ್ನೇ ಲೆಕ್ಕ ಹಾಕಿ ತೋರಿಸುತ್ತೇನೆ, ನಿಮಗೆ ಗುರುತಿರುವ ತಾರೀಖುಗಳು. ತೇರು ಎಳೆಯುವುದು ಪುಷ್ಯ ಬಹುಳ ಬಿದಿಗೆಗೆ, ಅಂದರೆ ಬನದ ಹುಣ್ಣಿಮೆ ಆದ ಎರಡನೇ ದಿನ. 2023ರಲ್ಲಿ ತೇರು ಜನವರಿ 8ಕ್ಕೆ, 2024ರಲ್ಲಿ ಜನವರಿ 27ಕ್ಕೆ, 2025ರಲ್ಲಿ ಜನವರಿ 15ಕ್ಕೆ, 2026ರಲ್ಲಿ ಜನವರಿ 5ಕ್ಕೆ. ಎಲ್ಲವೂ ಪುಷ್ಯ ಮಾಸವೇ. ಆದರೆ ಅದರ ಹಿಂದಿನ ಹುಣ್ಣಿಮೆ ಮುಗಿಯುವ ಹೊತ್ತಿಗೆ ಚಂದ್ರ ಎಲ್ಲಿದ್ದ ನೋಡಿ. 2024ರಲ್ಲಿ ಸರಿಯಾಗಿ ಪುಷ್ಯದಲ್ಲಿ. 2023ರಲ್ಲಿ ಮತ್ತು 2025ರಲ್ಲಿ ಒಂದು ಹೆಜ್ಜೆ ಹಿಂದೆ, ಪುನರ್ವಸುವಿನಲ್ಲಿ. 2026ರಲ್ಲಿ ಎರಡು ಹೆಜ್ಜೆ ಹಿಂದೆ, ಆರಿದ್ರದ ಕೊನೆಯಲ್ಲಿ. ಸೂರ್ಯಸಿದ್ಧಾಂತದ ಹಂಚಿಕೆಯಲ್ಲಿ ಆರಿದ್ರ ಇರುವುದು ಮಾರ್ಗಶಿರದ ಪಾಲಿಗೆ. ಹೆಸರಿನ ನಿಯಮ ಮಾತ್ರ ಹಿಡಿದು ಕೂತರೆ 2026ರ ಜನವರಿಯ ಜಾತ್ರೆ ಪುಷ್ಯದ್ದೇ ಅಲ್ಲ ಅನ್ನಬೇಕಾಗುತ್ತದೆ!

ಹೀಗೆ ಸರಿಯುವುದು ಯಾಕೆ ಅಂದರೆ, ಹನ್ನೆರಡು ಚಾಂದ್ರ ತಿಂಗಳು ಸೇರಿದರೆ 354 ದಿನ. ಸೂರ್ಯನ ವರ್ಷಕ್ಕೆ ಹನ್ನೊಂದು ದಿನ ಕಡಿಮೆ. ಅದಕ್ಕೇ ಜಾತ್ರೆ ಪ್ರತಿ ವರ್ಷ ಹತ್ತು ಹನ್ನೆರಡು ದಿನ ಹಿಂದಕ್ಕೆ ಬರುತ್ತದೆ, 27ರಿಂದ 15ಕ್ಕೆ, 15ರಿಂದ 5ಕ್ಕೆ. ಸೂರ್ಯ ಅಷ್ಟು ಹಿಂದಿರುವಾಗ ಅವನ ಎದುರಿನ ಚಂದ್ರನೂ ಅಷ್ಟೇ ಹಿಂದೆ. ವರ್ಷಕ್ಕೆ ಒಂದು ನಕ್ಷತ್ರಕ್ಕೆ ಸ್ವಲ್ಪ ಕಡಿಮೆ ಜಾರುತ್ತಾನೆ. ಹೀಗೇ ಬಿಟ್ಟರೆ ಪುಷ್ಯ ಮಾಸ ಚಳಿಗಾಲ ಬಿಟ್ಟು ಹಿಂದೆ ಹಿಂದೆ ಸರಿದು ಮಳೆಗಾಲಕ್ಕೆ ಹೋಗಿಬಿಡುತ್ತದೆ. ಅದನ್ನು ತಡೆಯಲು ಬರುವುದೇ ಅಧಿಕ ಮಾಸ. 2023ರಲ್ಲಿ ಅಧಿಕ ಶ್ರಾವಣ ಬಂತು. ಅದಕ್ಕೇ ಜಾತ್ರೆ ಜನವರಿ 8ರಿಂದ ಹಿಂದಕ್ಕೆ ಹೋಗುವ ಬದಲು ಮುಂದಿನ ಸಲ 27ಕ್ಕೆ ನೆಗೆಯಿತು, ಹುಣ್ಣಿಮೆ ಮತ್ತೆ ಪುಷ್ಯಕ್ಕೆ ಬಂತು. 2026ರದು ಅಧಿಕ ಜ್ಯೇಷ್ಠ. ಅದಾದ ಮೇಲಿನ ಬನದ ಹುಣ್ಣಿಮೆ 2027ರ ಜನವರಿ 22ಕ್ಕೆ, ಚಂದ್ರ ಮತ್ತೆ ಪುಷ್ಯದಲ್ಲೇ.

ಅಂದಮೇಲೆ ಈಗ ಪಂಚಾಂಗದವರು ತಿಂಗಳನ್ನು ಗುರುತಿಸುವುದು ಹುಣ್ಣಿಮೆಯ ನಕ್ಷತ್ರದಿಂದ ಅಲ್ಲ, ಸಂಕ್ರಾಂತಿಯಿಂದ. ಒಂದು ಅಮಾವಾಸ್ಯೆಯಿಂದ ಮುಂದಿನ ಅಮಾವಾಸ್ಯೆಯೊಳಗೆ ಸೂರ್ಯ ಮೇಷಕ್ಕೆ ಕಾಲಿಟ್ಟರೆ ಅದು ಚೈತ್ರ, ವೃಷಭಕ್ಕೆ ಇಟ್ಟರೆ ವೈಶಾಖ, ಹೀಗೇ ಸಾಲಾಗಿ. ಮಕರಕ್ಕೆ ಇಟ್ಟರೆ ಪುಷ್ಯ. ಯಾವ ಸಂಕ್ರಾಂತಿಯೂ ಇಲ್ಲದ ತಿಂಗಳು ಅಧಿಕ. ಅದಕ್ಕೆ ಸ್ವಂತ ಹೆಸರಿಲ್ಲ, ಮುಂದಿನ ತಿಂಗಳ ಹೆಸರನ್ನೇ ಎರವಲು ಪಡೆಯುತ್ತದೆ. 2026ರ ಜನವರಿಯ ಜಾತ್ರೆಗೆ ಇದನ್ನು ಹಚ್ಚಿ ನೋಡಿ. ಆ ತಿಂಗಳು ಡಿಸೆಂಬರ್ 20ರ ಅಮಾವಾಸ್ಯೆ ಆದ ಮೇಲೆ ಶುರುವಾಗಿ ಜನವರಿ 18ರ ಅಮಾವಾಸ್ಯೆಗೆ ಮುಗಿಯಿತು. ಜನವರಿ 14ರ ಮಕರ ಸಂಕ್ರಾಂತಿ ಅದರ ಹೊಟ್ಟೆಯೊಳಗೇ ಇದೆ. ಹಾಗಾಗಿ ಹುಣ್ಣಿಮೆ ಆರಿದ್ರದಲ್ಲಿ ಬಿದ್ದರೂ ಅದು ಪುಷ್ಯ ಮಾಸವೇ. ಹೆಸರು ಕೊಟ್ಟದ್ದು ನಕ್ಷತ್ರ, ಈಗ ಕಾವಲು ಕಾಯುತ್ತಿರುವುದು ಸಂಕ್ರಾಂತಿ.

ನಕ್ಷತ್ರದ ಹೆಸರು ಬರುವ ಮೊದಲು ತಿಂಗಳಿಗೆ ಹೆಸರೇ ಇರಲಿಲ್ಲ ಅಂತಲ್ಲ. ಯಜುರ್ವೇದದಲ್ಲಿ ಬೇರೆ ಹನ್ನೆರಡು ಇವೆ: ಮಧು, ಮಾಧವ, ಶುಕ್ರ, ಶುಚಿ, ನಭ, ನಭಸ್ಯ, ಇಷ, ಊರ್ಜ, ಸಹ, ಸಹಸ್ಯ, ತಪ, ತಪಸ್ಯ. ಎರಡೆರಡು ಸೇರಿ ಒಂದು ಋತು. ಮಧು ಮಾಧವ ವಸಂತಕ್ಕೆ, ನಭ ನಭಸ್ಯ ಮಳೆಗಾಲಕ್ಕೆ. ಇವು ಹವಾಮಾನ ನೋಡಿ ಇಟ್ಟ ಹೆಸರು, ಚುಕ್ಕಿಗೂ ಇವಕ್ಕೂ ಸಂಬಂಧ ಇಲ್ಲ. ಮಂತ್ರಗಳಲ್ಲಿ ಉಳಿದವು, ಮಾತಿನಲ್ಲಿ ಉಳಿಯಲಿಲ್ಲ.

ಮಗಳಿಗೆ ಆಕಾಶದಲ್ಲೇ ತೋರಿಸಬೇಕು ಅಂದರೆ ಒಂದು ಎಚ್ಚರಿಕೆ. ಹುಣ್ಣಿಮೆಯ ಬೆಳಕಿನಲ್ಲಿ ಸಣ್ಣ ಚುಕ್ಕಿಗಳು ಮುಚ್ಚಿಹೋಗುತ್ತವೆ. ಕಾರ್ತೀಕದಲ್ಲಿ ಕೃತ್ತಿಕೆಯ ಗೊಂಚಲು ಹುಡುಕಲು ಹೋದರೆ ನಿರಾಶೆಯೇ ಜಾಸ್ತಿ. ಚಂದ್ರನನ್ನು ಅಂಗೈಯಿಂದ ಮರೆ ಮಾಡಿ ನೋಡಬೇಕು, ಇಲ್ಲವೇ ನಾಲ್ಕೈದು ದಿನ ಬಿಟ್ಟು ಚಂದ್ರ ಹುಟ್ಟುವ ಮೊದಲು ಸಂಜೆ ಮೂಡಣದಲ್ಲಿ ನೋಡಬೇಕು. ಚೈತ್ರ ಸುಲಭ, ಚಿತ್ತಾ ಚಂದ್ರನ ಬೆಳಕಿಗೂ ಸೋಲದಷ್ಟು ಹೊಳೆಯುತ್ತದೆ. ಕೆಲವು ವರ್ಷ ಚಂದ್ರ ಅದಕ್ಕಿಂತ ಒಂದು ಗೇಣು ಹಿಂದೆ ಹಸ್ತದಲ್ಲಿ ಇರುತ್ತಾನೆ, ಕೆಲವು ವರ್ಷ ದಾಟಿ ಸ್ವಾತಿಗೆ ಹೋಗಿರುತ್ತಾನೆ. ಯಾಕೆ ಅಂತ ಈಗ ನಿಮಗೆ ಗೊತ್ತು.

ಕೊನೆಗೆ, ಉತ್ತರ ಭಾರತದ ಕ್ಯಾಲೆಂಡರ್ ಅಥವಾ ಮೊಬೈಲ್ ಪಂಚಾಂಗ ನೋಡುವವರಿಗೆ. ನಮ್ಮಲ್ಲಿ ತಿಂಗಳು ಅಮಾವಾಸ್ಯೆಗೆ ಮುಗಿಯುತ್ತದೆ, ಹುಣ್ಣಿಮೆ ನಡುವೆ ಬರುತ್ತದೆ. ಅಲ್ಲಿ ಹುಣ್ಣಿಮೆಗೇ ತಿಂಗಳು ಮುಗಿಯುತ್ತದೆ. ಹಾಗಾಗಿ ಶುಕ್ಲ ಪಕ್ಷದಲ್ಲಿ ಇಬ್ಬರ ತಿಂಗಳ ಹೆಸರೂ ಒಂದೇ, ಬಹುಳದಲ್ಲಿ ಮಾತ್ರ ಅವರು ಒಂದು ತಿಂಗಳು ಮುಂದೆ. ಗವಿಮಠದ ತೇರಿನ ದಿನ ನಮ್ಮ ಗೋಡೆಯ ಮೇಲೆ ಪುಷ್ಯ ಬಹುಳ ಬಿದಿಗೆ ಅಂತ ಇದ್ದರೆ, ಅವರದರಲ್ಲಿ ಮಾಘ ಕೃಷ್ಣ ದ್ವಿತೀಯಾ ಅಂತ ಇರುತ್ತದೆ. ದಿನ ಅದೇ, ಚಂದ್ರನೂ ಅವನೇ. ಮೊಬೈಲ್ ಆ್ಯಪಿನಲ್ಲಿ ತಿಂಗಳು ತಪ್ಪಾಗಿ ಕಂಡರೆ ಸೆಟ್ಟಿಂಗ್‌ನಲ್ಲಿ "ಪೂರ್ಣಿಮಾಂತ" ಇರುವುದನ್ನು "ಅಮಾಂತ" ಅಂತ ಬದಲಿಸಿ, ಸರಿಹೋಗುತ್ತದೆ.